ತುಂಬಿದ ಅರ್ಜಿ ಖಾಲಿಯಾಗುವುದು ಯಾಕೆ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರ ಕಂಪ್ಯೂಟರಿನಲ್ಲಿ ಅರ್ಜಿಯೊಂದೇ ತೆರೆದಿರುವುದಿಲ್ಲ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿಗೆ ಒಂದು ಟ್ಯಾಬ್, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಹುಡುಕಲು ಇನ್ನೊಂದು, ಫೋಟೋದ ಗಾತ್ರ ಇಳಿಸಲು ಮತ್ತೊಂದು, ನಡುವೆ ಇಮೇಲ್, ಯಾವುದೋ ಹಾಡು. ಇಷ್ಟೆಲ್ಲ ಹುಡುಕಿ ಅರ್ಜಿಯ ಟ್ಯಾಬಿಗೆ ಮರಳಿದರೆ ಪುಟ ಒಂದು ಸಲ ಬೆಳ್ಳಗಾಗುತ್ತದೆ, ಸುತ್ತುವ ಚಕ್ರ ಕಾಣುತ್ತದೆ, ಅರ್ಜಿ ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತದೆ. ಹೆಸರಿನ ಜಾಗ ಖಾಲಿ. ವಿಳಾಸ ಖಾಲಿ. ಅರ್ಧ ಗಂಟೆ ಯೋಚಿಸಿ ಬರೆದ ‘ನಿಮ್ಮ ಕುಟುಂಬದ ಪರಿಸ್ಥಿತಿ ವಿವರಿಸಿ’ ಎಂಬ ದೊಡ್ಡ ಚೌಕವೂ ಖಾಲಿ.

ಇಂಟರ್ನೆಟ್ ಕೈಕೊಟ್ಟಿತು, ಸರ್ವರ್ ಸರಿಯಿಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಎರಡೂ ಕಾರಣವಲ್ಲ. ಬಳಕೆಯಲ್ಲಿಲ್ಲದ ಟ್ಯಾಬ್ ಎಂದು ತೀರ್ಮಾನಿಸಿ ಬ್ರೌಸರೇ ಆ ಪುಟವನ್ನು ಮೆಮೊರಿಯಿಂದ ಹೊರಹಾಕಿರುತ್ತದೆ.

ಕ್ರೋಮ್ ಬ್ರೌಸರ್ 2008ರಲ್ಲಿ ಬಂದಾಗ ಅದರ ದೊಡ್ಡ ಹೆಗ್ಗಳಿಕೆಯೆಂದರೆ ಟ್ಯಾಬುಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಾಗಿ ನಡೆಸುವುದು. ಒಂದು ಪುಟ ಕೆಟ್ಟು ಕೂತರೆ ಉಳಿದವು ಬೀಳುವುದಿಲ್ಲ. ಅದಕ್ಕೆ ಕೊಡುವ ಬೆಲೆ ಮೆಮೊರಿ. ಈಗಿನ ಜಾಲತಾಣಗಳೂ ಹಗುರವಲ್ಲ, ಒಂದೊಂದು ಟ್ಯಾಬ್ ನೂರಾರು ಎಂಬಿ ಹಿಡಿಯುವುದು ಸಾಮಾನ್ಯ. ನಾಲ್ಕು ಜಿಬಿ ರ್ಯಾಮಿನ ಸೈಬರ್ ಸೆಂಟರ್ ಕಂಪ್ಯೂಟರಿನಲ್ಲಿ ಹದಿನೈದು ಟ್ಯಾಬ್ ತೆರೆದರೆ ಏನಾಗುತ್ತದೆಂದು ಅಲ್ಲಿ ಕೂತವರಿಗೆ ಹೇಳಬೇಕಿಲ್ಲ. ಹೀಗಾಗಿ 2015ರಲ್ಲಿ ಕ್ರೋಮ್‌ನ 45ನೇ ಆವೃತ್ತಿಯೊಂದಿಗೆ, ಮೆಮೊರಿ ತೀರಾ ಕಡಿಮೆಯಾದಾಗ ಹಿನ್ನೆಲೆಯ ಟ್ಯಾಬುಗಳನ್ನು ಖಾಲಿ ಮಾಡುವ ವ್ಯವಸ್ಥೆ ಬಂತು. 2022ರ ಡಿಸೆಂಬರಿನಲ್ಲಿ ಗೂಗಲ್ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು ‘ಮೆಮೊರಿ ಸೇವರ್’ ಎಂದು ಪ್ರಕಟಿಸಿತು. ಆಪತ್ತು ಬರುವ ತನಕ ಕಾಯದೆ, ಸ್ವಲ್ಪ ಹೊತ್ತು ಮುಟ್ಟದ ಟ್ಯಾಬನ್ನು ಮುಂಚಿತವಾಗಿಯೇ ಖಾಲಿ ಮಾಡುವುದು ಇದರ ಕೆಲಸ. ಫೈರ್‌ಫಾಕ್ಸ್ 2021ರಲ್ಲಿ ವಿಂಡೋಸ್ ಬಳಕೆದಾರರಿಗೆ ಇಂಥದ್ದನ್ನೇ ತಂದಿತು. ಎಡ್ಜ್‌ನಲ್ಲಿ ‘ಸ್ಲೀಪಿಂಗ್ ಟ್ಯಾಬ್ಸ್’ ಇದೆ. ಆದರೆ ಅದು ಮುಖ್ಯವಾಗಿ ಪುಟವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿಡುತ್ತದೆ. ಹಾಗಾಗಿ ಮಲಗಿದ ಟ್ಯಾಬ್ ಎಚ್ಚರಗೊಂಡಾಗ ಬರೆದದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಖಾಲಿ ಮಾಡಿದ ಟ್ಯಾಬ್ ಮೇಲಿನ ಪಟ್ಟಿಯಿಂದ ಮಾಯವಾಗುವುದಿಲ್ಲ. ಗೊಂದಲಕ್ಕೆ ಮೂಲವೇ ಇದು. ಅಂಗಡಿಯ ಬೋರ್ಡು ಹಾಗೇ ಇದೆ, ಒಳಗಿನ ಸಾಮಾನನ್ನು ಮಾತ್ರ ಸಾಗಿಸಿದ್ದಾರೆ ಎಂಬಂತೆ. ಹೆಸರು, ಚಿಹ್ನೆ, ವಿಳಾಸ ಉಳಿದಿರುತ್ತವೆ, ಪುಟ ಇರುವುದಿಲ್ಲ. ಟ್ಯಾಬಿನ ಮೇಲೆ ಕ್ಲಿಕ್ ಮಾಡಿದಾಗ ಬ್ರೌಸರ್ ಆ ವಿಳಾಸಕ್ಕೆ ಹೋಗಿ ಪುಟವನ್ನು ಹೊಸದಾಗಿ ತರುತ್ತದೆ. ಸುದ್ದಿಯ ಪುಟವಾದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅರ್ಜಿಯಾದರೆ ಗೊತ್ತಾಗುತ್ತದೆ.

ಹಾಗಂತ ಕ್ರೋಮ್ ಮಾಡಿದವರಿಗೆ ಅರ್ಜಿಗಳ ನೆನಪೇ ಇರಲಿಲ್ಲ ಎನ್ನುವಂತಿಲ್ಲ. ಮೆಮೊರಿ ಸೇವರ್ ಮುಟ್ಟಬಾರದ ಟ್ಯಾಬುಗಳ ಪಟ್ಟಿಯೇ ಇದೆ. ಹಾಡು ಅಥವಾ ವಿಡಿಯೋ ನಡೆಯುತ್ತಿರುವುದು, ವಿಡಿಯೋ ಕರೆ, ಡೌನ್‌ಲೋಡ್ ಆಗುತ್ತಿರುವುದು, ಪಿನ್ ಮಾಡಿದ ಟ್ಯಾಬ್. ಅರೆಬರೆ ತುಂಬಿದ ಫಾರ್ಮ್ ಕೂಡ ಆ ಪಟ್ಟಿಯಲ್ಲಿದೆ. ಇದು ಮೊದಲ ರಕ್ಷಣೆ.

ಎರಡನೆಯದೂ ಒಂದಿದೆ. ಟ್ಯಾಬನ್ನು ಖಾಲಿ ಮಾಡುವಾಗ ಬ್ರೌಸರ್ ಪುಟ ಎಲ್ಲಿಯವರೆಗೆ ಸರಿದಿತ್ತು, ಯಾವ ಚೌಕದಲ್ಲಿ ಏನು ಬರೆದಿತ್ತು ಎಂಬ ಸಣ್ಣ ಟಿಪ್ಪಣಿ ಇಟ್ಟುಕೊಳ್ಳುತ್ತದೆ. ಹಿಂದಿನ ಪುಟಕ್ಕೆ ಹೋಗಿ ಮುಂದಿನದಕ್ಕೆ ಮರಳಿದಾಗ ಬರೆದದ್ದು ಕೆಲವು ಸಲ ಉಳಿದಿರುತ್ತದಲ್ಲ, ಅದೇ ಲೆಕ್ಕ. ಪುಟ ಮತ್ತೆ ತೆರೆದಾಗ ಟಿಪ್ಪಣಿ ನೋಡಿ ಚೌಕಗಳನ್ನು ತುಂಬಿಕೊಡುತ್ತದೆ. ಫೈರ್‌ಫಾಕ್ಸ್ ಕೂಡ ಹೀಗೆಯೇ ಮಾಡುತ್ತದೆ.

ಎರಡು ರಕ್ಷಣೆ ಇದ್ದೂ ಅರ್ಜಿ ಖಾಲಿಯಾಗುವುದೇಕೆ?

ಮೊದಲ ರಕ್ಷಣೆ ನಿಂತಿರುವುದು ಊಹೆಯ ಮೇಲೆ. ಚೌಕದಲ್ಲಿ ಅಕ್ಷರ ಟೈಪ್ ಮಾಡಿದರೆ ಬ್ರೌಸರಿಗೆ ಸುಲಭವಾಗಿ ತಿಳಿಯುತ್ತದೆ. ಆದರೆ ಇಂದಿನ ಅರ್ಜಿಗಳಲ್ಲಿ ಕೆಲಸವೆಂದರೆ ಟೈಪಿಂಗ್ ಮಾತ್ರವಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಒಂದರ ಹಿಂದೊಂದು ಆಯ್ಕೆ ಮಾಡುವುದು, ನಕ್ಷೆಯ ಮೇಲೆ ಜಮೀನು ಗುರುತಿಸುವುದು, ಫೋಟೋ ಹಾಕಿ ಅದರ ಅಂಚು ಕತ್ತರಿಸುವುದು, ಮೂರು ಹಂತ ದಾಟಿ ನಾಲ್ಕನೆಯದಕ್ಕೆ ಬಂದು ನಿಲ್ಲುವುದು. ಜಾಲತಾಣದ ಸ್ಕ್ರಿಪ್ಟ್ ಇವನ್ನೆಲ್ಲ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ನೋಡುವ ಬ್ರೌಸರಿಗೆ ಅದು ಬರೀ ಪುಟ. ಅಲ್ಲದೆ ಈ ನಿಯಮ ಬ್ರೌಸರ್ ತನಗೆ ತಾನೇ ಹಾಕಿಕೊಂಡದ್ದು. ಮೆಮೊರಿ ಪೂರ್ತಿ ಮುಗಿದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೇ ಒಂದು ಪ್ರೋಸೆಸ್ ಕೊಂದರೆ, ಅದರಲ್ಲಿ ಅರ್ಧ ತುಂಬಿದ ಅರ್ಜಿ ಇತ್ತೇ ಎಂದು ಯಾರೂ ಕೇಳುವುದಿಲ್ಲ.

ಎರಡನೆಯ ರಕ್ಷಣೆ ಸೋಲುವುದು ಹೆಚ್ಚಾಗಿ ಅರ್ಜಿ ಕಟ್ಟಿದವರ ಕಡೆಯಿಂದ. ಹಳೆಯ ಶೈಲಿಯ ಸರಳ ಪುಟದಲ್ಲಿ ಚೌಕಗಳು ಪುಟದ ಜೊತೆಗೇ ಬರುತ್ತವೆ. ಬ್ರೌಸರ್ ಟಿಪ್ಪಣಿ ತೆಗೆದು ತುಂಬುತ್ತದೆ, ಬರೆದದ್ದು ಮರಳಿ ಬರುತ್ತದೆ. ಈಗಿನ ಬಹುಪಾಲು ಅರ್ಜಿಗಳು ಹಾಗಿಲ್ಲ. ಮೊದಲು ಖಾಲಿ ಪುಟ ಬರುತ್ತದೆ, ಆಮೇಲೆ ಸ್ಕ್ರಿಪ್ಟ್ ಓಡಿ ಒಂದೊಂದೇ ಚೌಕ ಕಟ್ಟುತ್ತದೆ. ಬ್ರೌಸರ್ ತುಂಬಲು ಬಂದ ಹೊತ್ತಿಗೆ ಚೌಕವೇ ಇರುವುದಿಲ್ಲ. ಅಥವಾ ಚೌಕ ತುಂಬಿದ ಮರುಕ್ಷಣವೇ ಸ್ಕ್ರಿಪ್ಟ್ ತನ್ನ ಖಾಲಿ ಮೌಲ್ಯವನ್ನು ಅದರ ಮೇಲೆ ಬರೆದುಬಿಡುತ್ತದೆ.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದ ಒಂದು ಸಾಲಿನಲ್ಲಿದೆ. `autocomplete="off"`. ಹಳೆಯ ಹೆಸರು, ಹಳೆಯ ಫೋನ್ ನಂಬರನ್ನು ಬ್ರೌಸರ್ ಸೂಚಿಸಬಾರದು ಎಂಬ ಉದ್ದೇಶದಿಂದ ಈ ಸಾಲು ಹಾಕುತ್ತಾರೆ. ಹತ್ತಾರು ಜನ ಒಂದೇ ಕಂಪ್ಯೂಟರ್ ಬಳಸುವ ಕಡೆ ಅದು ನ್ಯಾಯವೂ ಹೌದು. ಆದರೆ ಅದಕ್ಕೆ ಎರಡನೆಯ ಪರಿಣಾಮವೊಂದಿದೆ. ಈ ಸಾಲಿರುವ ಚೌಕದಲ್ಲಿ ಬರೆದದ್ದನ್ನು ಬ್ರೌಸರ್ ತನ್ನ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಟ್ಯಾಬ್ ಖಾಲಿಯಾದರೆ ಮರಳಿ ತುಂಬಲು ಏನೂ ಉಳಿದಿರುವುದಿಲ್ಲ. ಗುಟ್ಟು ಕಾಯಲು ಹಾಕಿದ ಸಾಲು ಬರೆದವರ ಶ್ರಮವನ್ನು ನುಂಗುತ್ತದೆ. ಇದು ಗೊತ್ತಿದ್ದೇ ಹಾಕುವವರು ಕಡಿಮೆ ಇರಬೇಕು.

ಟ್ಯಾಬ್ ಮುಚ್ಚಲು ಹೋದಾಗ ‘ಬದಲಾವಣೆಗಳು ಉಳಿಯುವುದಿಲ್ಲ, ಹೋಗುವಿರಾ?’ ಎಂದು ಕೆಲವು ತಾಣಗಳು ಎಚ್ಚರಿಸುತ್ತವೆ. ಅದು ಇದೆಯಲ್ಲ ಎಂದು ನಂಬಿ ಕೂರುವ ಹಾಗಿಲ್ಲ. ಟ್ಯಾಬನ್ನು ಖಾಲಿ ಮಾಡುವಾಗ ಆ ಪ್ರಶ್ನೆ ಬರುವುದಿಲ್ಲ. ಖಾಲಿ ಮಾಡುತ್ತಿದ್ದೇವೆ ಎಂಬ ಸೂಚನೆಯೂ ಪುಟಕ್ಕೆ ಹೋಗುವುದಿಲ್ಲ. ಪುಟಕ್ಕೆ ಭರವಸೆಯಿಂದ ಸಿಗುವ ಕೊನೆಯ ಸುದ್ದಿಯೆಂದರೆ ‘ನೀನೀಗ ಪರದೆಯ ಮೇಲಿಲ್ಲ’ ಎಂಬುದಷ್ಟೇ.

ಆದದ್ದು ಇದೇನಾ ಎಂದು ಪತ್ತೆ ಹಚ್ಚುವುದು ಕಷ್ಟವಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಮೆಮೊರಿ ಸೇವರ್ ಖಾಲಿ ಮಾಡಿದ ಟ್ಯಾಬಿನ ಚಿಹ್ನೆಯ ಸುತ್ತ ಚುಕ್ಕಿಗಳ ವೃತ್ತ ಕಾಣಬಹುದು. ಕ್ಲಿಕ್ ಮಾಡಿ ಒಳಗೆ ಹೋದ ಮೇಲೆ ವಿಳಾಸದ ಪಟ್ಟಿಯಲ್ಲಿ ಮೆಮೊರಿ ಸೇವರಿನ ಸಣ್ಣ ಗುರುತು ಬಂದು, ಎಷ್ಟು ಮೆಮೊರಿ ಉಳಿತಾಯವಾಗಿತ್ತು ಎಂದು ತೋರಿಸುತ್ತದೆ. ಸೆಷನ್ ಮುಗಿಯುವುದು ಇದಕ್ಕಿಂತ ಬೇರೆ ಕಾಯಿಲೆ. ಅಲ್ಲಿ ಬರೆದದ್ದೆಲ್ಲ ಕಣ್ಣೆದುರೇ ಇರುತ್ತದೆ, ಸಲ್ಲಿಸುವ ಬಟನ್ ಒತ್ತಿದಾಗ ಲಾಗಿನ್ ಪುಟಕ್ಕೆ ಎಸೆಯುತ್ತದೆ. ಟ್ಯಾಬಿಗೆ ಕಾಲಿಟ್ಟ ಕೂಡಲೇ ಪುಟ ಹೊಸದಾಗಿ ತೆರೆದುಕೊಂಡರೆ ಮೆಮೊರಿಯ ಕತೆ, ಬಟನ್ ಒತ್ತಿದ ಮೇಲೆ ಲಾಗಿನ್ ಕೇಳಿದರೆ ಸರ್ವರಿನ ಗಡಿಯಾರದ ಕತೆ. ಮೊದಲನೆಯದಕ್ಕೆ ಮಾಡುವ ಉಪಾಯ ಎರಡನೆಯದಕ್ಕೆ ನಾಟುವುದಿಲ್ಲ.

ಒಂದು ಅರ್ಜಿ ಎಷ್ಟು ಗಟ್ಟಿ ಎಂದು ಗಂಟೆಗಟ್ಟಲೆ ತುಂಬುವ ಮೊದಲೇ ಪರೀಕ್ಷಿಸಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅರ್ಜಿಯ ಮೂರ್ನಾಲ್ಕು ಚೌಕಗಳಲ್ಲಿ ಏನಾದರೂ ಎರಡು ಪದ ಟೈಪ್ ಮಾಡಬೇಕು. ಒಂದು ಪಟ್ಟಿಯಿಂದ ಆಯ್ಕೆ ಮಾಡಿ, ದೊಡ್ಡ ವಿವರಣೆಯ ಚೌಕದಲ್ಲೂ ಒಂದು ಸಾಲು ಬರೆಯಬೇಕು. ಆಮೇಲೆ ಹೊಸ ಟ್ಯಾಬ್ ತೆರೆದು ವಿಳಾಸದ ಜಾಗದಲ್ಲಿ `chrome://discards` ಎಂದು ಹೊಡೆದರೆ ತೆರೆದಿರುವ ಎಲ್ಲ ಟ್ಯಾಬುಗಳ ಪಟ್ಟಿ ಬರುತ್ತದೆ. ಕ್ರೋಮ್ ಕಟ್ಟುವವರು ತಮಗಾಗಿ ಇಟ್ಟುಕೊಂಡ ಪುಟ ಇದು. ತೆರೆಯದಿದ್ದರೆ `chrome://chrome-urls` ಪುಟದಲ್ಲಿ ಇಂಥ ಒಳಪುಟಗಳಿಗೆ ಅನುಮತಿ ಕೊಡುವ ಬಟನ್ ಇದೆಯೇ ನೋಡಬೇಕು. ಪಟ್ಟಿಯಲ್ಲಿ ಅರ್ಜಿಯ ಸಾಲಿನ ಕೊನೆಗೆ `Urgent Discard` ಎಂದಿರುತ್ತದೆ. ಅದನ್ನು ಒತ್ತಿ, ಅರ್ಜಿಯ ಟ್ಯಾಬಿಗೆ ಮರಳಬೇಕು.

ಬರೆದದ್ದೆಲ್ಲ ಇದ್ದರೆ ಆ ಅರ್ಜಿ ಸರಳವಾಗಿ ಕಟ್ಟಿದ್ದು, ಅಥವಾ ತಾನೇ ಕರಡು ಉಳಿಸಿಕೊಳ್ಳುವಂಥದ್ದು. ಹೆಸರು, ಊರು ಉಳಿದು ಖಾತೆ ನಂಬರ್ ಮಾತ್ರ ಹೋಗಿದ್ದರೆ ಆ ಚೌಕಕ್ಕೆ ಮೇಲೆ ಹೇಳಿದ ಸಾಲು ಅಂಟಿರುವ ಸಂಭವ ಹೆಚ್ಚು. ಪೂರ್ತಿ ಖಾಲಿಯಾಗಿ ಮೊದಲ ಹಂತಕ್ಕೇ ಹೋಗಿ ನಿಂತಿದ್ದರೆ ಅದು ಸ್ಕ್ರಿಪ್ಟಿನ ನೆನಪನ್ನೇ ನಂಬಿದ ಅರ್ಜಿ. ಅಂಥದ್ದನ್ನು ತುಂಬುವಾಗ ಟ್ಯಾಬ್ ಬಿಟ್ಟು ಹೋಗದಿರುವುದೇ ಕ್ಷೇಮ. ಫೈರ್‌ಫಾಕ್ಸ್ ಬಳಸುವವರು `about:unloads` ಪುಟದಿಂದ ಇದೇ ಪರೀಕ್ಷೆ ಮಾಡಬಹುದು.

ಖಾಲಿಯಾಗುವ ಅರ್ಜಿಯನ್ನೇ ತುಂಬಬೇಕಾಗಿ ಬಂದರೆ ಕ್ರೋಮ್‌ನಲ್ಲಿ ಮೊದಲು ನೋಡಬೇಕಾದ್ದು `chrome://settings/performance`. ಅಲ್ಲಿ `Memory Saver` ಅನ್ನು ಪೂರ್ತಿ ಆರಿಸಬಹುದು. ಆದರೆ ರ್ಯಾಮ್ ಕಡಿಮೆ ಇರುವ ಯಂತ್ರದಲ್ಲಿ ಅದು ಒಳ್ಳೆಯ ಉಪಾಯವಲ್ಲ. ಎಲ್ಲ ಟ್ಯಾಬುಗಳೂ ಎಚ್ಚರವಿದ್ದು ಮೆಮೊರಿ ಮುಗಿದರೆ, ಸಭ್ಯವಾಗಿ ಖಾಲಿಯಾಗಬೇಕಿದ್ದ ಟ್ಯಾಬ್ ಒರಟಾಗಿ ಕುಸಿಯುತ್ತದೆ. ಅದರ ಬದಲು `Always keep these sites active` ಎಂಬ ಜಾಗದಲ್ಲಿ ಅರ್ಜಿಯ ತಾಣದ ವಿಳಾಸ ಸೇರಿಸುವುದು ವಾಸಿ. ಉಳಿದ ಟ್ಯಾಬುಗಳು ಖಾಲಿಯಾಗಿ ಅರ್ಜಿಗೆ ಜಾಗ ಬಿಡುತ್ತವೆ. ಹೊಸ ಆವೃತ್ತಿಗಳಲ್ಲಿ ಮೂರು ಮಟ್ಟಗಳಿವೆ. `Maximum` ಆರಿಸಿದ್ದರೆ ಟ್ಯಾಬುಗಳು ಬೇಗ ಖಾಲಿಯಾಗುತ್ತವೆ, `Moderate` ಆದರೆ ತಡವಾಗಿ. ಸೆಟ್ಟಿಂಗ್ ಮುಟ್ಟಲು ಬಿಡದ ಸೈಬರ್ ಸೆಂಟರುಗಳಲ್ಲಿ ಟ್ಯಾಬಿನ ಮೇಲೆ ಬಲಗ್ಲಿಕ್ ಮಾಡಿ ಪಿನ್ ಮಾಡಿದರೂ ಸಾಕು.

ಇನ್ನೂ ಸುಲಭದ್ದು, ಸೆಟ್ಟಿಂಗ್ ಬೇಡದ್ದು ಒಂದಿದೆ. ಪರದೆಯ ಮೇಲೆ ಕಾಣುತ್ತಿರುವ ಟ್ಯಾಬನ್ನು ಮೆಮೊರಿ ಸೇವರ್ ಖಾಲಿ ಮಾಡುವುದಿಲ್ಲ. ಅರ್ಜಿಯ ಟ್ಯಾಬನ್ನು ಎಳೆದು ಬೇರೆ ಕಿಟಕಿಯಾಗಿ ಮಾಡಿ, ಪರದೆಯ ಎಡ ಅರ್ಧಕ್ಕೆ ಅದನ್ನೂ ಬಲ ಅರ್ಧಕ್ಕೆ ಉಳಿದ ಹುಡುಕಾಟವನ್ನೂ ಇಟ್ಟುಕೊಂಡರೆ ಅರ್ಜಿ ಸದಾ ಕಣ್ಣೆದುರು ಇರುತ್ತದೆ. ಕಿಟಕಿ ಬೇರೆ ಇದ್ದರೆ ಸಾಲದು. ಇನ್ನೊಂದು ಕಿಟಕಿಯ ಹಿಂದೆ ಪೂರ್ತಿ ಮುಚ್ಚಿಹೋದರೆ ಬ್ರೌಸರ್ ಅದನ್ನೂ ಕಾಣದ್ದೆಂದೇ ಲೆಕ್ಕ ಹಾಕಬಹುದು. ಉದ್ದನೆಯ ಬರಹವನ್ನು ನೋಟ್‌ಪ್ಯಾಡಿನಲ್ಲಿ ಬರೆದು ಆಮೇಲೆ ಅಂಟಿಸುವ ಹಳೆಯ ಅಭ್ಯಾಸ ಈಗಲೂ ಎಲ್ಲಕ್ಕಿಂತ ಗಟ್ಟಿ. ಸೆಷನ್ ಮುಗಿದರೂ, ಕರೆಂಟ್ ಹೋದರೂ ಉಳಿಯುವುದು ಅದೊಂದೇ. ನೋಟ್‌ಪ್ಯಾಡಿನಲ್ಲೂ ಆಗಾಗ ಉಳಿಸುತ್ತಿರಬೇಕು ಅಷ್ಟೇ.

ಟೈಪ್ ಮಾಡಿದ್ದನ್ನೆಲ್ಲ ಉಳಿಸಿಕೊಡುವ ಎಕ್ಸ್‌ಟೆನ್ಷನ್‌ಗಳೂ ಸಿಗುತ್ತವೆ. ಅವು ಕೆಲಸ ಮಾಡಬೇಕಾದರೆ ಎಲ್ಲ ತಾಣಗಳಲ್ಲಿ ಬರೆಯುವ ಎಲ್ಲವನ್ನೂ ಓದಲು ಅನುಮತಿ ಕೊಡಬೇಕು. ಸ್ವಂತ ಕಂಪ್ಯೂಟರಿನಲ್ಲಿ, ನಂಬಿಕೆಯಿದ್ದರೆ ಸರಿ. ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ಬೇಡವೇ ಬೇಡ.

ಮೊಬೈಲಿನಲ್ಲಿ ಪರಿಸ್ಥಿತಿ ಇದಕ್ಕಿಂತ ಕಠಿಣ. ಆಂಡ್ರಾಯ್ಡ್ ಫೋನಿನಲ್ಲಿ ಮೆಮೊರಿ ಸಾಲದೆ ಬಂದರೆ ಹಿನ್ನೆಲೆಯಲ್ಲಿರುವ ಆ್ಯಪ್ ಅನ್ನು ಆಪರೇಟಿಂಗ್ ಸಿಸ್ಟಮ್ಮೇ ಕೊಲ್ಲುತ್ತದೆ. ಬ್ರೌಸರಿನ ನಿಯಮ ಅಲ್ಲಿ ನಡೆಯುವುದಿಲ್ಲ. ಅರ್ಜಿಯಲ್ಲಿ ‘ಫೋಟೋ ಅಪ್‌ಲೋಡ್ ಮಾಡಿ’ ಒತ್ತಿ ಕ್ಯಾಮೆರಾ ತೆರೆದರೆ, ಕ್ಯಾಮೆರಾ ಮೆಮೊರಿ ಬಯಸುವ ಆ್ಯಪ್ ಆದ್ದರಿಂದ ಹಿಂದೆ ಸರಿದ ಬ್ರೌಸರ್ ಬಲಿಯಾಗುವುದುಂಟು. ಫೋಟೋ ತೆಗೆದು ಮರಳಿದರೆ ಅರ್ಜಿಯೇ ಹೊಸದು. ಪಾಸ್‌ಬುಕ್, ಅಂಕಪಟ್ಟಿ, ಸಹಿ ಎಲ್ಲವನ್ನೂ ಮೊದಲೇ ಕ್ಲಿಕ್ಕಿಸಿ, ಬೇಕಾದ ಗಾತ್ರಕ್ಕೆ ಇಳಿಸಿಟ್ಟುಕೊಂಡು ಆಮೇಲೆ ಅರ್ಜಿ ತೆರೆದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಓಟಿಪಿ ಬಂದಾಗಲೂ ಮೆಸೇಜ್ ಆ್ಯಪ್‌ಗೆ ಹೋಗದೆ, ಪರದೆಯನ್ನು ಮೇಲಿನಿಂದ ಎಳೆದು ನೋಟಿಫಿಕೇಶನ್‌ನಲ್ಲೇ ಓದಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಎಚ್ಚರಿಕೆಯ ಭಾರವನ್ನು ಅರ್ಜಿ ತುಂಬುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅರ್ಜಿ ಕಟ್ಟುವವರು ಮನಸ್ಸು ಮಾಡಿದರೆ ಕೆಲಸ ಎಷ್ಟು ಚಿಕ್ಕದು ಎಂದು ತೋರಿಸಲು ನಾಲ್ಕು ಸಾಲು ಸಾಕು:

```js
const box = document.querySelector("#details");
box.value = sessionStorage.getItem("draft") || "";
box.addEventListener("input", () =>
  sessionStorage.setItem("draft", box.value));
```

ವಿವರಣೆಯ ಚೌಕದಲ್ಲಿ ಒಂದು ಅಕ್ಷರ ಬದಲಾದಾಗಲೆಲ್ಲ ಬರೆದದ್ದನ್ನು ಬ್ರೌಸರಿನೊಳಗೇ ಒಂದು ಕಡೆ ಇಡುವುದು, ಪುಟ ತೆರೆದಾಗ ಅಲ್ಲಿಂದ ಮರಳಿ ತರುವುದು, ಇಷ್ಟೇ ಇದರ ಕೆಲಸ. ಪುಟ ರೀಲೋಡ್ ಆದರೂ `sessionStorage` ಉಳಿಯುತ್ತದೆ. ಅದು ಆ ಟ್ಯಾಬಿಗೆ ಮಾತ್ರ ಸೇರಿದ್ದು, ಇನ್ನೊಂದು ಟ್ಯಾಬಿನಲ್ಲಿ ಅದೇ ಅರ್ಜಿ ತೆರೆದವರಿಗೆ ಕಾಣುವುದಿಲ್ಲ. ಟ್ಯಾಬ್ ಮುಚ್ಚಿದ ಮೇಲೂ ಇರಬೇಕೆಂದರೆ `localStorage` ಇದೆ, ಆದರೆ ಸೈಬರ್ ಸೆಂಟರಿನಲ್ಲಿ ಮುಂದಿನವರು ಬಂದು ಹಿಂದಿನವರ ಕುಟುಂಬದ ಕಷ್ಟ ಓದುವಂತಾಗಬಾರದು. ಪಾಸ್‌ವರ್ಡ್, ಓಟಿಪಿ, ಆಧಾರ್ ನಂಬರ್, ಕಾರ್ಡಿನ ವಿವರಗಳನ್ನು ಎರಡರಲ್ಲೂ ಇಡಬಾರದು. ಅರ್ಜಿ ಸರ್ವರಿಗೆ ತಲುಪಿ ಸ್ವೀಕೃತಿ ಬಂದ ಮೇಲೆಯೇ ಕರಡನ್ನು ಅಳಿಸಬೇಕು. ಬಟನ್ ಒತ್ತಿದ ಕೂಡಲೇ ಅಳಿಸಿ, ಆಮೇಲೆ ನೆಟ್‌ವರ್ಕ್ ಹೋದರೆ ಮತ್ತದೇ ಖಾಲಿ ಚೌಕ.

ಲಾಗಿನ್ ಆಗಿ ತುಂಬುವ ದೊಡ್ಡ ಅರ್ಜಿಗಳಿಗೆ ಇದಕ್ಕಿಂತ ಸರಿಯಾದದ್ದು ಕರಡನ್ನು ಸರ್ವರಿನಲ್ಲೇ ಉಳಿಸುವುದು. ಆಗ ಫೋನ್ ಬ್ರೌಸರನ್ನು ಕೊಂದರೂ, ಸೆಷನ್ ಮುಗಿದರೂ, ಮನೆಯ ಮೊಬೈಲಿನಲ್ಲಿ ಶುರು ಮಾಡಿ ಸೈಬರ್ ಸೆಂಟರಿನಲ್ಲಿ ಮುಗಿಸಿದರೂ ಬರೆದದ್ದು ಸಿಗುತ್ತದೆ. ಅದಕ್ಕೆ ಬಟನ್ ಕಾಯಬೇಕಿಲ್ಲ. ಪುಟ ಪರದೆಯಿಂದ ಮರೆಯಾದ ಸುದ್ದಿ ಬಂದಾಗಲೇ, ಅಂದರೆ `visibilitychange` ಹೊತ್ತಿಗೇ, ಕಳಿಸಿಬಿಡಬಹುದು. ತಾನು ಖಾಲಿಯಾಗಿ ಮರಳಿ ಬಂದೆನೇ ಎಂದು ಕ್ರೋಮ್‌ನಲ್ಲಿ ಪುಟ `document.wasDiscarded` ಕೇಳಿ ತಿಳಿಯಬಹುದು, ‘ನಿಮ್ಮ ಕರಡನ್ನು ಮರಳಿ ತಂದಿದ್ದೇವೆ, ಒಮ್ಮೆ ನೋಡಿಕೊಳ್ಳಿ’ ಎಂದು ತೋರಿಸಬಹುದು.

ಇಲಾಖೆ, ಕಾಲೇಜು, ಬ್ಯಾಂಕುಗಳಿಗಾಗಿ ಆನ್‌ಲೈನ್ ಅರ್ಜಿ ಮಾಡಿಸುವವರು ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು. ಅರ್ಧ ತುಂಬಿದ ಅರ್ಜಿಯ ಮೇಲೆ `Urgent Discard` ಒತ್ತಿಸಿ, ಟ್ಯಾಬಿಗೆ ಮರಳಿ, ಬರೆದದ್ದು ಉಳಿದಿದೆಯೇ ನೋಡಬೇಕು. ಉಳಿಯದಿದ್ದರೆ ಬಿಲ್ ಪಾಸ್ ಮಾಡಬಾರದು.